ಚಾರ್ಜರಿಗೆ ಫೋನ್ ಸಿಕ್ಕಿಸಿದ ಕೂಡಲೇ ಮೂರು ಸಾಲು

ಮೂರು ಸಾಲು ಬರೆದರೆ ಯಾವ ಪರೀಕ್ಷೆ ಪಾಸಾಗುತ್ತದೆ ಎಂದು ನನ್ನ ಕೊಠಡಿಯ ಗೆಳೆಯರು ಕೇಳಿದ್ದರು. ಹ್ಯಾಬಿಟ್ ಸ್ಟ್ಯಾಕಿಂಗ್ ಎಂದರೆ ನಾಲ್ಕು ದಿನದ ಉತ್ಸಾಹ ಎನ್ನುವುದು ಅವರ ತೀರ್ಮಾನವಾಗಿತ್ತು. ಈಗ ಎರಡು ಸೆಮಿಸ್ಟರ್ ಮುಗಿದಿವೆ. ಆ ಮೂರು ಸಾಲು ಸಾಮಾನ್ಯ ದಿನಗಳಲ್ಲಿ ಹದಿನೈದು ಇಪ್ಪತ್ತು ನಿಮಿಷದ ಓದಾಗಿ ಬೆಳೆದಿದೆ, ಕೇಳಿದ್ದವರಲ್ಲಿ ಇಬ್ಬರು ಅದನ್ನೇ ಮಾಡುತ್ತಿದ್ದಾರೆ. ಹಾಗಾಗಿ ಬರೆಯುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ದಿನವೂ ತಪ್ಪದೆ ಮಾಡುವ ಒಂದು ಕೆಲಸದ ಬೆನ್ನಿಗೆ ಹೊಸ ಕೆಲಸವನ್ನು ಕಟ್ಟುವುದು ಎಂಬಷ್ಟು ಎಲ್ಲರಿಗೂ ಗೊತ್ತಿರುವುದರಿಂದ ಆ ವಿವರಣೆಗೆ ಹೋಗುವುದಿಲ್ಲ. ಯಾವ ಕೆಲಸದ ಬೆನ್ನಿಗೆ ಕಟ್ಟಬೇಕು ಎನ್ನುವಲ್ಲೇ ಎಲ್ಲರೂ ಎಡವುತ್ತಾರೆ, ನನ್ನ ಮಾತೆಲ್ಲ ಅದರ ಬಗ್ಗೆ.

ನನಗೆ ಬೇಕಾಗಿದ್ದ ಹೊಸ ಅಭ್ಯಾಸ ಒಂದೇ. ಆಯಾ ದಿನದ ತರಗತಿಯಲ್ಲಿ ಕೇಳಿದ್ದನ್ನು ನೋಟ್‌ಬುಕ್ ನೋಡದೆ, ನೆನಪಿನಿಂದ, ಅದೇ ದಿನ ಬರೆಯುವುದು. ಬರೆದ ಮೇಲೆ ಪುಟ ತಿರುಗಿಸಿ ಸರಿಯೋ ತಪ್ಪೋ ನೋಡುವುದು.

ಮೊದಲು ಹಣ ಹೋದ ದಾರಿ ಹೇಳಿಬಿಡುತ್ತೇನೆ. ಅಭ್ಯಾಸ ಲೆಕ್ಕವಿಡುವ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ದಪ್ಪ ಕಾಗದದ ಪ್ಲಾನರ್ ತಂದೆ. ಮಣಿಕಟ್ಟಿನಲ್ಲಿ ಕಂಪಿಸಿ ನೆನಪಿಸುವ ಕೈಗಡಿಯಾರವೂ ಬಂತು. ಎಲ್ಲ ಕೂಡಿದರೆ ಒಂದು ಸೆಮಿಸ್ಟರಿನ ಪಠ್ಯಪುಸ್ತಕಗಳ ಖರ್ಚನ್ನು ಮೀರಿರಬೇಕು. ಇವು ಮೂರೂ ಗಂಟೆಯನ್ನು ನಂಬಿಕೊಂಡ ಸಾಧನಗಳು. ಕಾಲೇಜಿನ ದಿನ ಗಂಟೆಯ ಪ್ರಕಾರ ನಡೆಯುವುದಿಲ್ಲ. ಸೋಮವಾರ ಪ್ರಯೋಗಾಲಯ ಸಂಜೆಯವರೆಗೆ ಎಳೆಯುತ್ತದೆ, ಬುಧವಾರ ಮಧ್ಯಾಹ್ನವೇ ಬಿಡುವು, ನಡುವೆ ಯಾರೋ ಒಬ್ಬರು ತರಗತಿಯನ್ನು ಮುಂದೂಡುತ್ತಾರೆ. ಎಂಟು ಗಂಟೆಗೆ ಕೈಗಡಿಯಾರ ಕಂಪಿಸಿದಾಗ ನಾನು ಒಂದು ದಿನ ಸ್ನಾನದಲ್ಲಿ, ಇನ್ನೊಂದು ದಿನ ಬಸ್ಸಿನಲ್ಲಿ. ಎರಡು ವಾರಗಳಲ್ಲಿ ಕಂಪನ ಬಂದರೂ ಗಮನಕ್ಕೇ ಬರುತ್ತಿರಲಿಲ್ಲ. ಆ್ಯಪ್‌ನ ತೊಂದರೆ ಬೇರೆ. ಒಂದು ದಿನ ತಪ್ಪಿದರೆ ಅದರ ಎಣಿಕೆ ಸೊನ್ನೆಗೆ ಬರುತ್ತಿತ್ತು, ಸೊನ್ನೆ ಕಂಡ ದಿನ ಮುಂದುವರಿಸುವ ಮನಸ್ಸೇ ಹೋಗುತ್ತಿತ್ತು.

ಆಮೇಲೆ ದಿನನಿತ್ಯದ ಕೆಲಸಗಳಿಗೆ ಕಟ್ಟಲು ತೊಡಗಿದೆ. ಮೊದಲನೆಯದು "ಊಟವಾದ ಮೇಲೆ". ಒಂದು ವಾರವೂ ನಿಲ್ಲಲಿಲ್ಲ. ಊಟ ಯಾವಾಗ ಮುಗಿಯಿತೆಂದು ಯಾರು ಹೇಳಬೇಕು? ಕೊನೆಯ ತುತ್ತಿಗೋ, ಕೈ ತೊಳೆದಾಗಲೋ, ಮೇಜಿನ ಮಾತು ಮುಗಿದಾಗಲೋ? ಮುಗಿಯುವ ಗಳಿಗೆ ಸ್ಪಷ್ಟವಿಲ್ಲದ ಕೆಲಸ ಸೂಚನೆಯಾಗಿ ಕೆಲಸಕ್ಕೆ ಬರುವುದಿಲ್ಲ. "ತೊಳೆದ ತಟ್ಟೆಯನ್ನು ಸ್ಟ್ಯಾಂಡಿಗೆ ಇಟ್ಟ ಕೂಡಲೇ" ಎಂದು ಬದಲಿಸಿದೆ. ಗಳಿಗೆ ಸ್ಪಷ್ಟವಾಯಿತು, ಆದರೆ ಕೈ ಒದ್ದೆ, ನೋಟ್‌ಬುಕ್ ಇನ್ನೊಂದು ಕೊಠಡಿಯಲ್ಲಿ. ಅಲ್ಲಿಗೆ ನಡೆದುಹೋಗುವಷ್ಟರಲ್ಲಿ ದಾರಿಯಲ್ಲಿ ಯಾರಾದರೂ ಮಾತಿಗೆ ಸಿಗುತ್ತಿದ್ದರು.

ಮೂರನೆಯದರಿಂದ ನಾನು ಅತಿ ಹೆಚ್ಚು ಕಲಿತೆ. "ಕೊಠಡಿಗೆ ಬಂದು ಚೀಲ ಇಳಿಸಿದ ಕೂಡಲೇ" ಎಂದಿಟ್ಟುಕೊಂಡಿದ್ದೆ. ಗಳಿಗೆ ಸ್ಪಷ್ಟ, ಸ್ಥಳ ಖಚಿತ, ನೋಟ್‌ಬುಕ್ ಚೀಲದಲ್ಲೇ ಇದೆ. ಆದರೂ ಆಗಲಿಲ್ಲ. ಕಾರಣ ಹುಡುಕಲು ಕೆಲವು ದಿನ ನನ್ನ ಕೈಯನ್ನೇ ಗಮನಿಸಿದೆ. ಚೀಲ ಇಳಿದ ಕ್ಷಣ ಬಲಗೈ ಜೇಬಿಗೆ ಹೋಗುತ್ತಿತ್ತು, ಫೋನ್ ಹೊರಬರುತ್ತಿತ್ತು, ಬೆನ್ನು ಹಾಸಿಗೆಗೆ ತಾಗುತ್ತಿತ್ತು. ಅಂದರೆ ಆ ಸೂಚನೆಯ ಮುಂದಿನ ಜಾಗವನ್ನು ವರ್ಷಗಳಷ್ಟು ಹಳೆಯ ಅಭ್ಯಾಸವೊಂದು ಆಗಲೇ ಹಿಡಿದಿತ್ತು. ಹೊಸದು ಅದನ್ನು ಎಬ್ಬಿಸಿ ಕೂರಬೇಕಿತ್ತು, ಅಷ್ಟು ಬಲ ಮೊದಲ ವಾರದ ಅಭ್ಯಾಸಕ್ಕೆ ಇರುವುದಿಲ್ಲ. ಸೂಚನೆ ಗಟ್ಟಿಯಾಗಿದ್ದರೆ ಸಾಲದು, ಅದರ ಹಿಂದೆಯೇ ಬರುವ ಅರ್ಧ ನಿಮಿಷ ಖಾಲಿ ಇರಬೇಕು.

ಇದು ಹೊಳೆದ ಮೇಲೆ ಒಂದು ವಾರ ಬೇರೇನೂ ಮಾಡದೆ ಪಟ್ಟಿ ಬರೆದೆ. ಭಾನುವಾರವೂ ಸೇರಿ ದಿನವೂ ತಪ್ಪದೆ ಮಾಡುವ ಕೆಲಸಗಳು ಯಾವುವು, ಎಲ್ಲಿ ಮಾಡುತ್ತೇನೆ, ಅದು ಮುಗಿದ ತಕ್ಷಣ ಕೈ ಎಲ್ಲಿಗೆ ಹೋಗುತ್ತದೆ ಎಂದು. ಸುಮಾರು ಇಪ್ಪತ್ತು ಬಂದವು. ಕೈ ಖಾಲಿ ಉಳಿಯುವಂಥವು ನಾಲ್ಕೋ ಐದೋ. ಅವುಗಳಲ್ಲಿ ಒಂದು, ಸಂಜೆ ಮೇಜಿನ ಮೇಲಿನ ಚಾರ್ಜರಿಗೆ ಫೋನ್ ಸಿಕ್ಕಿಸುವುದು. ಹಿಂದಿನ ಸೂಚನೆಯನ್ನು ಕೆಡಿಸಿದ್ದ ಫೋನು ಇಲ್ಲಿ ತಾನಾಗಿ ಕೈಬಿಟ್ಟು ಹೋಗುತ್ತದೆ. ಕುಳಿತುಕೊಳ್ಳುವ ಕುರ್ಚಿ ಎದುರಿಗೇ ಇದೆ.

ವಾಕ್ಯ ಹೀಗೆ ಬರೆದುಕೊಂಡೆ: "ಮೇಜಿನ ಚಾರ್ಜರಿಗೆ ಫೋನ್ ಸಿಕ್ಕಿಸಿದ ಕೂಡಲೇ ಕುರ್ಚಿಯಲ್ಲಿ ಕುಳಿತು, ಇಂದಿನ ಒಂದು ತರಗತಿಯ ಬಗ್ಗೆ ನೆನಪಿನಿಂದ ಮೂರು ಸಾಲು ಬರೆಯುತ್ತೇನೆ." ಎಲ್ಲ ತರಗತಿಗಳದ್ದಲ್ಲ, ಒಂದರದ್ದು. ನೋಟ್‌ಬುಕ್ಕನ್ನು ಖಾಲಿ ಪುಟಕ್ಕೆ ತೆರೆದು, ಪೆನ್ನನ್ನು ಮುಚ್ಚಳ ತೆಗೆದು, ಬೆಳಿಗ್ಗೆಯೇ ಚಾರ್ಜರಿನ ಪಕ್ಕ ಇಟ್ಟು ಹೋಗುತ್ತಿದ್ದೆ. ಇದಕ್ಕೆಂದು ಬೇರೆಯೇ ತೆಳು ನೋಟ್‌ಬುಕ್, ಅದು ಚೀಲಕ್ಕೆ ಹೋಗುವುದೇ ಇಲ್ಲ. ಒಂದು ತೊಡಕು ಬಂತು. ಕೆಲವು ದಿನ ಫೋನನ್ನು ಗ್ರಂಥಾಲಯದಲ್ಲೇ ಚಾರ್ಜ್ ಮಾಡಿಕೊಂಡು ಬರುತ್ತಿದ್ದೆ, ಕೆಲವು ದಿನ ಹಾಸಿಗೆಯಿಂದಲೇ ಕೇಬಲ್ ಎಳೆದುಕೊಳ್ಳುತ್ತಿದ್ದೆ. ಹೊರಗೆ ಎಷ್ಟೇ ಚಾರ್ಜ್ ಆಗಿರಲಿ, ಸಂಜೆ ಒಮ್ಮೆ ಮೇಜಿನಲ್ಲಿ ಸಿಕ್ಕಿಸಲೇಬೇಕು ಎಂದು ಮಾಡಿಕೊಂಡೆ. ಉದ್ದ ಕೇಬಲ್ ತೆಗೆದು ಹಾಸಿಗೆಗೆ ಎಟುಕದ ಮೋಟು ಕೇಬಲ್ ಹಾಕಿದೆ. ಇಡೀ ಪ್ರಯೋಗದಲ್ಲಿ ಫಲ ಕೊಟ್ಟ ಖರ್ಚು ಇದೊಂದೇ, ಅದೂ ಆ್ಯಪ್ ಚಂದಾದ ಹತ್ತನೇ ಒಂದು ಭಾಗವಿರಲಿಲ್ಲ. ಆ ಕೇಬಲ್ಲಿನ ತುದಿಗೆ ಇನ್ನೊಂದು ಸಣ್ಣ ಏರ್ಪಾಡು ಮಾಡಿಕೊಂಡಿದ್ದೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಎಲ್ಲಿ ಕೆಟ್ಟಿದೆ ಎಂದು ಪತ್ತೆಹಚ್ಚಲು ನನ್ನದೇ ಒಂದು ಪರೀಕ್ಷೆ ಇದೆ, ಇದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇದೆ. ಕೆಲಸ ತಪ್ಪಿದ ದಿನ, ಅದು ನೆನಪಾದದ್ದು ಯಾವಾಗ ಎಂದು ನೋಡುತ್ತೇನೆ. ರಾತ್ರಿ ಮಲಗಿದ ಮೇಲೆ "ಅಯ್ಯೋ, ಬರೆಯಲಿಲ್ಲ" ಎಂದು ನೆನಪಾದರೆ ಸೂಚನೆಯಲ್ಲಿ ದೋಷವಿದೆ, ಅದನ್ನು ಬದಲಿಸಬೇಕು. ಫೋನ್ ಸಿಕ್ಕಿಸುವಾಗಲೇ ನೆನಪಾಗಿ, "ಆಮೇಲೆ ಮಾಡಿದರಾಯಿತು" ಎನಿಸಿದರೆ ಸೂಚನೆ ಸರಿಯಿದೆ, ಕೆಲಸ ದೊಡ್ಡದಾಗಿದೆ, ಅದನ್ನು ಕುಗ್ಗಿಸಬೇಕು. ಈ ಎರಡನ್ನು ಬೇರ್ಪಡಿಸದೆ ಎಲ್ಲದಕ್ಕೂ ಸೋಮಾರಿತನವನ್ನು ದೂರಿದರೆ ರಿಪೇರಿ ಸಾಧ್ಯವೇ ಇಲ್ಲ. ನನಗೆ ನಾಲ್ಕನೇ ವಾರದ ಹೊತ್ತಿಗೆ ಎರಡನೆಯ ಬಗೆಯ ತಪ್ಪುವಿಕೆ ಶುರುವಾಯಿತು. ಉತ್ಸಾಹದಲ್ಲಿ ಮೂರು ಸಾಲನ್ನು ಒಂದು ಪುಟಕ್ಕೆ ಏರಿಸಿದ್ದೆ. ಮತ್ತೆ ಮೂರಕ್ಕೆ ಇಳಿಸಿದ ಮೇಲೆ ಸರಿಹೋಯಿತು. ಅಂದಿನಿಂದ ಕಡ್ಡಾಯ ಮೂರೇ ಸಾಲು, ಹೆಚ್ಚಿನದು ಮನಸ್ಸಿದ್ದರೆ ಮಾತ್ರ. ವಿಚಿತ್ರವೆಂದರೆ ಪುಟ ಬೆಳೆಯತೊಡಗಿದ್ದು ಆಮೇಲೆಯೇ.

21 ದಿನದಲ್ಲಿ ಅಭ್ಯಾಸವಾಗುತ್ತದೆ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಒಂದು ಸೂಚನೆಗೆ ಕಟ್ಟಿದ ಕೆಲಸ ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಮಾಂಕ 66 ದಿನ, ವ್ಯಾಪ್ತಿ 18ರಿಂದ 254 ದಿನ. ಒಂದು ದಿನ ತಪ್ಪಿದ್ದರಿಂದ ದೊಡ್ಡ ಹಾನಿಯಾಗಲಿಲ್ಲ ಎಂದೂ ಅದರಲ್ಲಿ ಕಂಡುಬಂತು. ಆ ಮಾತು ಓದಿದ ದಿನ ಆ್ಯಪ್ ಅಳಿಸಿಹಾಕಿದೆ. ನನಗೆ ಸುಮಾರು ಎರಡೂವರೆ ತಿಂಗಳು ಹಿಡಿದಿರಬೇಕು. ಒಮ್ಮೆ ಫೋನಿನಲ್ಲಿ ಯಾರೊಂದಿಗೋ ಜಗಳವಾಡಿ ಅದನ್ನು ಚಾರ್ಜರಿಗೆ ಸಿಕ್ಕಿಸಿದೆ. ತಲೆಯಲ್ಲಿ ಜಗಳವೇ ತುಂಬಿತ್ತು, ಆದರೂ ಎಚ್ಚೆತ್ತು ನೋಡಿದರೆ ಕೈಯಲ್ಲಿ ಪೆನ್ನಿತ್ತು, ತಾರೀಖು ಬರೆದಾಗಿತ್ತು. ಅಂಟಿಕೊಂಡಿದೆ ಎಂದು ಖಚಿತವಾದದ್ದು ಅಂದು.

ಪಕ್ಕದ ಪ್ರಯೋಗಗಳೂ ನಡೆದವು. ಹಲ್ಲುಗಳ ಸಂದಿಗೆ ದಾರ ಹಾಕಿ ಶುಚಿಗೊಳಿಸುವ ಅಭ್ಯಾಸವನ್ನು ಹಲ್ಲುಜ್ಜುವ ಮೊದಲು ಇಟ್ಟುಕೊಂಡಿದ್ದಾಗ ಮರೆಯುತ್ತಿತ್ತು, ಉಜ್ಜಿದ ನಂತರಕ್ಕೆ ಸರಿಸಿದ ಮೇಲೆ ನಿಂತಿತು. ಗ್ಯಾಬಿ ಜೂಡಾ ಮತ್ತು ಸಂಗಡಿಗರ 2013ರ ಅಧ್ಯಯನದಲ್ಲೂ ಉಜ್ಜಿದ ನಂತರ ಮಾಡಿದವರ ಅಭ್ಯಾಸವೇ ಹೆಚ್ಚು ಗಟ್ಟಿಯಾಗಿತ್ತು. ಒಂದು ಕೆಲಸದ ಮೊದಲು ಎಂಬುದಕ್ಕೆ ನೆನಪಿಸುವ ಗಳಿಗೆಯೇ ಇಲ್ಲ, ನಂತರ ಎಂಬುದಕ್ಕೆ ಆ ಕೆಲಸವೇ ಇದೆ. ಬಸ್ಸಿನಲ್ಲಿ ಸೀಟು ಸಿಕ್ಕ ಕೂಡಲೇ ಇಂಗ್ಲಿಷ್ ಪದಗಳ ಐದು ಚೀಟಿ ನೋಡುವುದು ಎಂದಿಟ್ಟದ್ದು ಕೆಟ್ಟಿತು, ಸೀಟು ದಿನವೂ ಸಿಗುವುದಿಲ್ಲವಲ್ಲ. ಬಸ್ಸಿನ ಬಾಗಿಲು ಮುಚ್ಚಿದ ಕೂಡಲೇ ಎಂದು ಬದಲಿಸಿದ ಮೇಲೆ ನಡೆಯುತ್ತಿದೆ. ಐದು ಕೆಲಸಗಳನ್ನು ಒಂದರ ಹಿಂದೊಂದು ಪೋಣಿಸಿದ ಬೆಳಗಿನ ಸರಪಳಿ ಮಾತ್ರ ಎಂದೂ ನಿಲ್ಲಲಿಲ್ಲ. ಎರಡನೆಯದು ತಪ್ಪಿದ ದಿನ ಉಳಿದ ಮೂರಕ್ಕೂ ಸೂಚನೆ ಇಲ್ಲವಾಗುತ್ತಿತ್ತು. ಈಗ ಒಂದು ಸೂಚನೆಗೆ ಒಂದೇ ಕೆಲಸ.

ಗೆಳತಿಯೊಬ್ಬಳಿಗೆ ಚಾರ್ಜರ್ ಹೊಂದಲಿಲ್ಲ, ಅವಳು ಮಲಗುವ ಹೊತ್ತಿಗೆ ಫೋನ್ ಸಿಕ್ಕಿಸುವವಳು. ಕೊರಳಿನ ಗುರುತಿನ ಚೀಟಿ ತೆಗೆದು ಮೊಳೆಗೆ ಹಾಕಿದ ಕೂಡಲೇ ನಾಳೆಯ ವೇಳಾಪಟ್ಟಿ ನೋಡಿ ಚೀಲ ಜೋಡಿಸುವುದನ್ನು ಅವಳಿಗೆ ಸೂಚಿಸಿದೆ. ಭಾನುವಾರ ಗುರುತಿನ ಚೀಟಿ ಇಲ್ಲ, ಶನಿವಾರ ಸಂಜೆಯೇ ಸೋಮವಾರದ ಚೀಲ ಸಿದ್ಧವಾಗಿರುವುದರಿಂದ ಭಾನುವಾರ ಚೀಲದ ಕೆಲಸವೂ ಇಲ್ಲ. ಸೂಚನೆ ಬರುವಷ್ಟೇ ಸಲ ಕೆಲಸವೂ ಬರಬೇಕು. ವಾರಕ್ಕೊಮ್ಮೆ ಬಟ್ಟೆ ಒಗೆಯುವುದನ್ನು ದಿನದ ಸೂಚನೆಗೆ ಕಟ್ಟಿದವರನ್ನು ನೋಡಿದ್ದೇನೆ, ಆರು ದಿನ "ಇಂದು ಬೇಡ" ಎಂದು ಹೇಳಿಕೊಂಡು ಏಳನೆಯ ದಿನವೂ ಹಾಗೇ ಹೇಳುತ್ತಾರೆ.

ಇದರಿಂದ ಆಗದ್ದೂ ಇದೆ. ಎರಡು ಗಂಟೆ ಕೂತು ಬರೆಯಬೇಕಾದ ಅಸೈನ್‌ಮೆಂಟನ್ನು ಯಾವ ಸೂಚನೆಗೂ ಕಟ್ಟಲಾಗುವುದಿಲ್ಲ. ಲ್ಯಾಪ್‌ಟಾಪ್ ತೆರೆದ ಕೂಡಲೇ ಆ ಕಡತ ತೆರೆದು ಒಂದು ವಾಕ್ಯ ಸೇರಿಸುವುದನ್ನು ಕಟ್ಟಬಹುದು, ಆರಂಭ ಮಾತ್ರ ಅಭ್ಯಾಸವಾಗುತ್ತದೆ, ಉಳಿದದ್ದಕ್ಕೆ ಸಮಯ ತೆಗೆದಿಡಲೇಬೇಕು. ರಜೆ ಇನ್ನೊಂದು ಮಿತಿ. ಮನೆಯಲ್ಲಿ ಚಾರ್ಜರ್ ಇರುವುದು ಟಿವಿಯ ಪಕ್ಕ, ಕುರ್ಚಿ ಇಲ್ಲ, ಮೇಜಿಲ್ಲ. ಮೊದಲ ರಜೆಯಲ್ಲಿ ಅಭ್ಯಾಸ ಪೂರ್ತಿ ನಿಂತುಹೋಯಿತು, ಮರಳಿ ಬಂದು ಅದೇ ಮೇಜಿನಲ್ಲಿ ಫೋನ್ ಸಿಕ್ಕಿಸಿದ ಮೂರು ನಾಲ್ಕು ದಿನಗಳಲ್ಲಿ ತಾನಾಗಿ ಹತ್ತಿಕೊಂಡಿತು. ಈ ಬಾರಿ ಮನೆಗೆಂದೇ ಬೇರೆ ಸೂಚನೆ ಆರಿಸಿದ್ದೇನೆ, ಬೆಳಿಗ್ಗೆ ಹಾಸಿಗೆ ಮಡಚಿಟ್ಟ ಕೂಡಲೇ ಕಳೆದ ಸೆಮಿಸ್ಟರಿನ ಒಂದು ವಿಷಯದ ಮೂರು ಸಾಲು. ಎರಡು ವಾರವಾಯಿತು, ತಪ್ಪಿದ ದಿನಗಳೆಲ್ಲ ರಾತ್ರಿ ಮಲಗುವಾಗ ನೆನಪಾಗುತ್ತಿವೆ. ಹಾಗಾಗಿ ನಾಳೆಯಿಂದ ಸೂಚನೆ ಬದಲಿಸುತ್ತೇನೆ, ಕನ್ನಡಿಯ ಮುಂದೆ ಬಾಚಣಿಗೆ ಕೆಳಗಿಟ್ಟ ಕೂಡಲೇ ಎಂದು.