ಸಂಪಿಗೆ ಬಾಲ್ ಕಾಕ್, ಟ್ಯಾಂಕಿಗೆ ಫ್ಲೋಟ್ ಸ್ವಿಚ್

ಕೋಲಾರದಲ್ಲಿ ಮನೆ ಕಟ್ಟಿಸುವವರು ಪಾಯದ ಜೊತೆಗೇ ಸಂಪಿಗೂ ಗುಂಡಿ ತೆಗೆಸಿಬಿಡುತ್ತಾರೆ. ನಲ್ಲಿ ನೀರು ದಿನಾ ಬರುವುದಿಲ್ಲ. ಬಂದಾಗಲೂ ಮಹಡಿ ಮೇಲಿನ ಟ್ಯಾಂಕಿಗೆ ಏರುವಷ್ಟು ಒತ್ತಡ ಇರುವುದಿಲ್ಲ. ಸಾಲದ್ದಕ್ಕೆ ಬೋರು, ಅದೂ ಕೈಕೊಟ್ಟರೆ ಟ್ಯಾಂಕರ್. ಎಲ್ಲ ನೀರೂ ಮೊದಲು ಸಂಪಿಗೆ ಬಿದ್ದು, ಅಲ್ಲಿಂದ ಮೋಟಾರು ಮೇಲಕ್ಕೆ ಎತ್ತಬೇಕು.

ಈ ಪೈಪ್ ಕೆಲಸದಲ್ಲಿ ಒಂದೇ ಒಂದು ನಿಯಮ ಗೊತ್ತಿದ್ದರೆ ಅರ್ಧ ತಲೆನೋವು ಕಡಿಮೆ. ಊರಿನ ಪೈಪಿನಿಂದ ತಾನಾಗಿ ಬರುವ ನೀರನ್ನು ಬಾಲ್ ಕಾಕ್ ನಿಲ್ಲಿಸಬೇಕು. ಮೋಟಾರು ತಳ್ಳುವ ನೀರನ್ನು ಸ್ವಿಚ್ ನಿಲ್ಲಿಸಬೇಕು. ಇವೆರಡು ಅದಲುಬದಲಾದರೆ ಒಂದೋ ನೀರು ಹಾಳು, ಇಲ್ಲವೇ ಮೋಟಾರು ಹಾಳು.

ಒಂದು ಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಕೆಳಗೊಂದು, ಮೇಲೊಂದು ಅಂತಸ್ತು, ಐದು ಜನ. ನೀರು ವಾರಕ್ಕೊಮ್ಮೆ ಬರುವ ಬಡಾವಣೆ.

1. ಸಂಪಿನ ಅಳತೆ

ನೋಡಿಕೊಂಡು ಬಳಸಿದರೆ ತಲೆಗೆ ದಿನಕ್ಕೆ 100 ಲೀಟರ್. ಐದು ಜನಕ್ಕೆ 500, ವಾರಕ್ಕೆ 3,500 ಲೀಟರ್. ಒಂದು ಸರದಿ ತಪ್ಪಿದರೂ ಇನ್ನೂ ಕೆಲವು ದಿನ ನಡೆಯಬೇಕು, ಟ್ಯಾಂಕರ್ ಕರೆಸಿದರೆ ಲೋಡ್ ಪೂರ್ತಿ ಹಿಡಿಯಬೇಕು. ಹಾಗಾಗಿ 6,000 ಲೀಟರ್ ಇಟ್ಟುಕೊಳ್ಳೋಣ. ಒಳಗಿನ ಅಳತೆ 2 ಮೀಟರ್ ಉದ್ದ, 2 ಮೀಟರ್ ಅಗಲ, ನೀರಿನ ಆಳ ಒಂದೂವರೆ ಮೀಟರ್. ಮೇಲೆ 30 ಸೆಂಟಿಮೀಟರ್ ಖಾಲಿ ಜಾಗ ಬಿಟ್ಟರೆ ಒಟ್ಟು ಆಳ 1.8 ಮೀಟರ್.

ಮುಚ್ಚಳದ ಕಟ್ಟೆ ನೆಲದಿಂದ ಒಂದು ಗೇಣಾದರೂ ಮೇಲಿರಲಿ, ಮಳೆ ನೀರು ಒಳಗೆ ಇಳಿಯಬಾರದು. ಸಂಪಿನ ಓವರ್‌ಫ್ಲೋ ಪೈಪನ್ನು ಒಳಚರಂಡಿಯ ಚೇಂಬರಿಗೆ ಯಾವ ಕಾರಣಕ್ಕೂ ಜೋಡಿಸಬೇಡಿ. ಚೇಂಬರ್ ಕಟ್ಟಿಕೊಂಡ ದಿನ ಅದೇ ಪೈಪಿನಿಂದ ಕೊಳಚೆ ನೀರು ಸಂಪಿಗೆ ಬರುತ್ತದೆ.

2. ಸಂಪಿಗೆ ನೀರು ಬರುವ ದಾರಿ

ನಲ್ಲಿ ನೀರಿನ ಪೈಪು ಸಂಪಿನ ಮೇಲ್ಭಾಗದಲ್ಲಿ, ಮುಚ್ಚಳದ ಹತ್ತಿರವೇ ಒಳಗೆ ಬರಲಿ. ಕೈ ಹಾಕಿದರೆ ಸಿಗುವಂತಿರಬೇಕು. ಹೊರಗಡೆ ಒಂದು ಗೇಟ್ ವಾಲ್ವ್, ಒಳಗಡೆ ತುದಿಗೆ ಹಿತ್ತಾಳೆಯ ಬಾಲ್ ಕಾಕ್.

ಬಾಲ್ ಕಾಕ್ ಒಮ್ಮೆಲೇ ಮುಚ್ಚುವುದಿಲ್ಲ. ಬಾಲು ಮೇಲೇರುತ್ತಾ ಹೋದಂತೆ ನೀರು ಸಣ್ಣಗಾಗುತ್ತಾ ಹೋಗುತ್ತದೆ. ನೀರು ಬರುವುದೇ ಎರಡು ಮೂರು ಗಂಟೆ. ಅಷ್ಟರಲ್ಲಿ ಅರ್ಧ ಗಂಟೆ ಹೀಗೆ ತೊಟ್ಟಿಕ್ಕುತ್ತಾ ಹೋದರೆ ನಷ್ಟ ಅಲ್ವಾ? ಅದಕ್ಕೇ ಕಾಕನ್ನು ಆದಷ್ಟು ಮೇಲೆ ಕೂರಿಸಿ, ಕೊನೆಯ ನಾಲ್ಕು ಬೆರಳು ನೀರಿಗೆ ಮಾತ್ರ ಅದು ಬಿಗಿಯಾಗಬೇಕು. ಕೊಳ್ಳುವಾಗ ಒಳಗಿನ ತೂತು ನೋಡಿ. ಹೊರಗೆ ಮುಕ್ಕಾಲು ಇಂಚಿನ ಥ್ರೆಡ್ ಇದ್ದರೂ ಒಳಗಿನ ತೂತು ಪೆನ್ಸಿಲ್ ಗಾತ್ರದ್ದಾಗಿರುವ ಕಾಕುಗಳಿವೆ. ಒತ್ತಡ ಕಡಿಮೆ ಇರುವ ನಮ್ಮ ಬೀದಿಗಳಿಗೆ ಅವು ಆಗಿಬರುವುದಿಲ್ಲ.

ಇನ್ನೊಂದು ವಿಷಯ. ನೀರು ಬೀಳುವ ಸದ್ದು ಬೇಡವೆಂದು ಕೆಲವರು ಕಾಕಿನ ಬಾಯಿಗೆ ಒಂದು ಪೈಪ್ ಸಿಕ್ಕಿಸಿ ಸಂಪಿನ ತಳದವರೆಗೆ ಇಳಿಬಿಡುತ್ತಾರೆ. ದಯವಿಟ್ಟು ಬೇಡ. ಬೀದಿ ಪೈಪು ಖಾಲಿಯಾದಾಗ ಅದು ಗಾಳಿ ಎಳೆಯುತ್ತದೆ. ಪೈಪಿನ ತುದಿ ನೀರಿನಲ್ಲಿ ಮುಳುಗಿದ್ದರೆ ನಿಮ್ಮ ಸಂಪಿನ ನೀರನ್ನೇ ಎಳೆದುಕೊಂಡು ಹೋಗುತ್ತದೆ. ನಿಮಗೆ ನೀರು ನಷ್ಟ, ಮುಂದಿನ ಮನೆಯವರಿಗೆ ನಿಮ್ಮ ಸಂಪಿನ ಗಲೀಜು. ಕಾಕಿನ ಬಾಯಿ ಯಾವಾಗಲೂ ನೀರಿನ ಮಟ್ಟಕ್ಕಿಂತ ಮೇಲೆಯೇ ಇರಬೇಕು.

ಬೋರಿನ ಪೈಪನ್ನು ಬೇರೆಯಾಗಿಯೇ ಸಂಪಿಗೆ ತನ್ನಿ, ನಲ್ಲಿ ಪೈಪಿಗೆ ಕೂಡಿಸಬೇಡಿ. ಅದರ ತುದಿಗೆ ಬಾಲ್ ಕಾಕ್ ಹಾಕುವಂತಿಲ್ಲ. ಬೋರಿನ ನೀರನ್ನು ತಳ್ಳುತ್ತಿರುವುದು ಮೋಟಾರು, ಹಾಗಾಗಿ ಅಲ್ಲಿ ನೀರು ನಿಲ್ಲಿಸುವ ಕೆಲಸ ಸ್ಟಾರ್ಟರಿಗೆ ಜೋಡಿಸಿದ ಸ್ವಿಚ್ಚಿನದ್ದು.

3. ಮೋಟಾರು ಎಷ್ಟು ಎಚ್‌ಪಿ?

ಸಂಪಿನ ತಳ ನೆಲದಿಂದ 1.8 ಮೀಟರ್ ಕೆಳಗೆ. ಮೇಲಕ್ಕೆ ಲೆಕ್ಕ ಹಾಕಿದರೆ ಪಾಯ ಅರ್ಧ ಮೀಟರ್, ಎರಡು ಅಂತಸ್ತು 6 ಮೀಟರ್, ಮೆಟ್ಟಿಲ ಕೋಣೆ ಎರಡೂವರೆ ಮೀಟರ್, ಅದರ ಮೇಲೆ ಕೂರುವ 1,000 ಲೀಟರ್ ಟ್ಯಾಂಕಿನ ಎತ್ತರ ಸುಮಾರು 1.2 ಮೀಟರ್. ಎಲ್ಲ ಸೇರಿ 12 ಮೀಟರ್. ಪೈಪಿನ ಉಜ್ಜಾಟಕ್ಕೆ, ಎಲ್ಬೋಗಳಿಗೆ, ವಾಲ್ವುಗಳಿಗೆ ಇನ್ನೆರಡು ಮೂರು ಮೀಟರ್. ಅಂದರೆ 15 ಮೀಟರ್.

ಅಂಗಡಿಯವರು ಮೋಟಾರಿನ ಗರಿಷ್ಠ ಹೆಡ್, ಅಂದರೆ ನೀರೆತ್ತುವ ಎತ್ತರ, ತೋರಿಸುತ್ತಾರೆ. ಅದನ್ನು ನಂಬಿ ತರಬೇಡಿ. ಗರಿಷ್ಠ ಹೆಡ್‌ನಲ್ಲಿ ನೀರು ಬರುವುದೇ ಇಲ್ಲ, ಸುಮ್ನೆ ಪೈಪಿನಲ್ಲಿ ನಿಂತಿರುತ್ತದೆ. ಮೋಟಾರಿನ ಮೇಲಿನ ತಗಡಿನಲ್ಲೋ ಪೆಟ್ಟಿಗೆಯಲ್ಲೋ ಇರುವ ಪಟ್ಟಿಯಲ್ಲಿ 15 ಮೀಟರ್‌ಗೆ ನಿಮಿಷಕ್ಕೆ ಎಷ್ಟು ಲೀಟರ್ ಎಂದು ನೋಡಿ. 30 ಲೀಟರ್ ಇದ್ದರೆ 1,000 ಲೀಟರ್ ಟ್ಯಾಂಕು ಸುಮಾರು 35 ನಿಮಿಷದಲ್ಲಿ ತುಂಬುತ್ತದೆ. ಈ ಮನೆಗೆ ಅರ್ಧ ಎಚ್‌ಪಿ ಸಾಕು.

ಈ ಮೋಟಾರನ್ನು ನೇರವಾಗಿ ಬೀದಿ ನಲ್ಲಿಗೆ ಕಟ್ಟುವ ಯೋಚನೆ ಬೇಡ. ಅದು ಕಾನೂನಿಗೆ ವಿರುದ್ಧ. ಜೊತೆಗೆ ಪೈಪಿನ ಬಿರುಕುಗಳಿಂದ ಚರಂಡಿ ನೀರನ್ನೂ ಎಳೆಯುತ್ತದೆ.

4. ಮೋಟಾರಿನ ಎರಡು ಕಡೆ

ಎಳೆಯುವ ಪೈಪು ಮೋಟಾರಿನ ಬಾಯಿಯಷ್ಟೇ ದಪ್ಪ ಇರಲಿ, ಇಲ್ಲವೇ ಒಂದು ಸೈಜ್ ಜಾಸ್ತಿ. ತುದಿಗೆ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್ ವಾಲ್ವ್, ಸಂಪಿನ ತಳದಿಂದ 15 ಸೆಂಟಿಮೀಟರ್ ಮೇಲೆ. ತಳಕ್ಕೇ ತಾಗಿಸಿದರೆ ಕೆಸರು ಎಳೆಯುತ್ತದೆ. ಸಂಪಿನಿಂದ ಮೋಟಾರಿನ ತನಕ ಪೈಪು ಏರುತ್ತಲೇ ಹೋಗಬೇಕು, ನಡುವೆ ಎಲ್ಲೂ ಗೂನು ಇರಬಾರದು. ಗೂನಿನಲ್ಲಿ ಗಾಳಿ ಕೂತರೆ ಮೋಟಾರು ತಿರುಗುತ್ತದೆ, ನೀರು ಬರುವುದಿಲ್ಲ.

ತಳ್ಳುವ ಕಡೆ ಮೋಟಾರಾದ ಮೇಲೆ ಯೂನಿಯನ್, ಎನ್‌ಆರ್‌ವಿ, ಗೇಟ್ ವಾಲ್ವ್, ಇದೇ ಕ್ರಮದಲ್ಲಿ. ಮೋಟಾರು ನಿಂತಾಗ ಮೇಲಿನ ಪೈಪಿನ ನೀರು ವಾಪಸ್ ಬಂದು ಮೋಟಾರಿಗೆ ಬಡಿಯದಂತೆ ಎನ್‌ಆರ್‌ವಿ ತಡೆಯುತ್ತದೆ. ರಿಪೇರಿ ದಿನ ಗೇಟ್ ವಾಲ್ವ್ ಮುಚ್ಚಿ ಯೂನಿಯನ್ ಬಿಚ್ಚಿದರೆ ಪೈಪ್ ಕೊಯ್ಯುವ ಕೆಲಸವಿಲ್ಲ. ಮೇಲಕ್ಕೆ ಒಂದು ಇಂಚಿನ ಯುಪಿವಿಸಿ ಪೈಪು ಸಾಕು. ಬಿಸಿಲಿಗೆ ಬೀಳುವ ಕಡೆ ಪೇಂಟ್ ಹೊಡೆಸಿ.

5. ಟ್ಯಾಂಕಿನ ಮೇಲೆ

ಮೇಸ್ತ್ರಿಗಳು ಇಲ್ಲೇ ಹೇಳುವುದು: "ಮೇಲೂ ಒಂದು ಬಾಲ್ ಹಾಕ್ಬಿಡೋಣ ಸಾರ್, ತುಂಬಿದ್ರೆ ತಾನಾಗೇ ನಿಂತ್ಕೊಳ್ತದೆ." ನೀರೇನೋ ನಿಲ್ಲುತ್ತದೆ, ಮೋಟಾರು ನಿಲ್ಲುವುದಿಲ್ಲ. ಮುಚ್ಚಿದ ಬಾಯಿಯ ಎದುರು ಅದು ತಿರುಗುತ್ತಲೇ ಇರುತ್ತದೆ. ಒಳಗಿರುವ ಒಂದಿಷ್ಟು ನೀರೇ ಸುತ್ತಿ ಸುತ್ತಿ ಬಿಸಿಯಾಗುತ್ತದೆ. ಮೊದಲು ಸೀಲ್ ಹೋಗಿ ಶಾಫ್ಟಿನ ಬುಡದಲ್ಲಿ ನೀರು ತೊಟ್ಟಿಕ್ಕುತ್ತದೆ, ಆಮೇಲೆ ಬೇರಿಂಗು. ಮೋಟಾರಿನ ತಲೆಭಾಗ ಮುಟ್ಟಿದಾಗ ಬಿಸಿ ನೀರಿನ ಪಾತ್ರೆಯಂತೆ ಸುಡುತ್ತಿದ್ದರೆ, ಮೇಲೆ ಎಲ್ಲೋ ಬಾಯಿ ಮುಚ್ಚಿದೆ ಎಂದೇ ಅರ್ಥ.

ಬಾಲ್ ಕಾಕಿನ ಬದಲು ಕೇಬಲ್ ಫ್ಲೋಟ್ ಸ್ವಿಚ್ ಹಾಕಿಸಿ. ಒಂದು ಟ್ಯಾಂಕಿನಲ್ಲಿ, ಇನ್ನೊಂದು ಸಂಪಿನಲ್ಲಿ. ಎರಡನ್ನೂ ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ ಜೋಡಿಸಬೇಕು. ಆಗ ಮೇಲೆ ಜಾಗವೂ ಇದ್ದು, ಕೆಳಗೆ ನೀರೂ ಇದ್ದರೆ ಮಾತ್ರ ಮೋಟಾರು ಓಡುತ್ತದೆ.

ಈ ಸ್ವಿಚ್ಚಿನಲ್ಲಿ ಸಾಮಾನ್ಯವಾಗಿ ಮೂರು ತಂತಿ ಇರುತ್ತವೆ. ಬಣ್ಣ ನೋಡಿ ಜೋಡಿಸಬೇಡಿ, ಮಲ್ಟಿಮೀಟರ್ ಇಟ್ಟು ನೋಡಿ. ಟ್ಯಾಂಕಿಗೆ ಬೇಕಾದ ಜೋಡಿ, ಫ್ಲೋಟ್ ಕೆಳಗೆ ಜೋತುಬಿದ್ದಾಗ ಕೂಡಿಕೊಳ್ಳಬೇಕು. ಸಂಪಿಗೆ ಬೇಕಾದದ್ದು, ಫ್ಲೋಟ್ ಮೇಲೆದ್ದಾಗ ಕೂಡಿಕೊಳ್ಳಬೇಕು. ಕೇಬಲ್ಲಿನ ತೂಕದ ಗುಂಡಿನಿಂದ ಫ್ಲೋಟಿನವರೆಗಿನ ಉದ್ದ ಜಾಸ್ತಿ ಮಾಡಿದಷ್ಟೂ ಆನ್ ಆಗುವ ಮಟ್ಟಕ್ಕೂ ಆಫ್ ಆಗುವ ಮಟ್ಟಕ್ಕೂ ನಡುವಿನ ಅಂತರ ಹೆಚ್ಚುತ್ತದೆ. ಟ್ಯಾಂಕು ಅರ್ಧಕ್ಕಿಳಿದಾಗ ಆನ್, ಓವರ್‌ಫ್ಲೋಗಿಂತ 10 ಸೆಂಟಿಮೀಟರ್ ಕೆಳಗೆ ಆಫ್ ಆಗುವಂತೆ ಹೊಂದಿಸಿ. ಸಂಪಿನಲ್ಲಿ ತಳದಿಂದ 30 ಸೆಂಟಿಮೀಟರ್ ನೀರು ಉಳಿದಾಗಲೇ ಆಫ್ ಆಗಲಿ, ಫುಟ್ ವಾಲ್ವ್ ಯಾವತ್ತೂ ನೀರಿನಿಂದ ಹೊರಗೆ ಬರಬಾರದು.

ಅರ್ಧ ಎಚ್‌ಪಿ ಮೋಟಾರಿನ ಕರೆಂಟನ್ನು ಹತ್ತು ಆಂಪಿಯರಿಗೂ ಮೇಲ್ಪಟ್ಟ ಒಳ್ಳೆಯ ಫ್ಲೋಟ್ ಸ್ವಿಚ್ ನೇರವಾಗಿ ತಡೆದುಕೊಳ್ಳುತ್ತದೆ. ಅದಕ್ಕಿಂತ ದೊಡ್ಡದಾದರೆ ನಡುವೆ ಮೋಟಾರಿನ ಕರೆಂಟನ್ನು ತಾನು ಹೊರುವ ಕಾಂಟ್ಯಾಕ್ಟರ್ ಬೇಕು. ಇಲ್ಲದಿದ್ದರೆ ಒಳಗಿನ ಪಾಯಿಂಟು ಅಂಟಿಕೊಂಡು ಮೋಟಾರು ನಿಲ್ಲುವುದೇ ಇಲ್ಲ. ನೀರಿನೊಳಗೆ 230 ವೋಲ್ಟ್ ತಂತಿ ಇಳಿಸುತ್ತಿದ್ದೀರಿ, ಹಾಗಾಗಿ ಈ ಲೈನಿಗೆ ಕರೆಂಟ್ ಸೋರಿದೊಡನೆ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮತ್ತು ಅರ್ಥಿಂಗ್ ಇರಲೇಬೇಕು. ಈ ಜೋಡಣೆ ಎಲೆಕ್ಟ್ರಿಷಿಯನ್ ಕೆಲಸ, ಪ್ಲಂಬರ್ ಕೈಗೆ ಬಿಡಬೇಡಿ.

6. ಓವರ್‌ಫ್ಲೋ ಎಲ್ಲಿಗೆ?

ಒಳಗೆ ಬರುವ ಪೈಪು ಒಂದು ಇಂಚಾದರೆ ಓವರ್‌ಫ್ಲೋ ಒಂದೂವರೆ ಇಂಚು ಇರಲಿ. ಹೊರಬಾಯಿಗೆ ಸೊಳ್ಳೆ ಜಾಲರಿ. ಅದನ್ನು ಮತ್ತೆ ಸಂಪಿಗೇ ಇಳಿಸಿದರೆ ನೀರು ಉಳಿಯುತ್ತದೆ ಎನ್ನುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಸ್ವಿಚ್ ಕೆಟ್ಟ ದಿನ ಸಂಪಿನ ನೀರು ಟ್ಯಾಂಕಿಗೆ, ಟ್ಯಾಂಕಿನ ನೀರು ಸಂಪಿಗೆ ರಾತ್ರಿಯೆಲ್ಲ ಸುತ್ತುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ, ಕರೆಂಟ್ ಬಿಲ್ಲಿನಲ್ಲೇ ಗೊತ್ತಾಗಬೇಕು. ಓವರ್‌ಫ್ಲೋ ನೀರು ಮನೆಯವರ ಕಣ್ಣಿಗೆ ಬೀಳುವ ಕಡೆ, ಬಾಗಿಲ ಬಳಿಯೋ ಗಿಡದ ಪಾತಿಗೋ ಬೀಳಲಿ.

ಮೋಟಾರಿನ ಪೈಪು ಟ್ಯಾಂಕಿನ ಒಳಗೆ ನೀರಿನ ಮಟ್ಟದ ಮೇಲೆಯೇ ಕೊನೆಯಾಗಲಿ. ಮನೆಗೆ ಇಳಿಯುವ ಪೈಪು ತಳದಿಂದ ಎರಡು ಮೂರು ಇಂಚು ಮೇಲಿನಿಂದ ಹೊರಡಲಿ. ತಳದಲ್ಲಿ ತೊಳೆಯಲು ಬೇರೆ ಬಾಯಿ ಬಿಟ್ಟು ಮುಚ್ಚಿಡಿ.

7. ಚಾಲೂ ಮಾಡುವ ದಿನ

ಮೋಟಾರಿಗೆ ನೀರು ತುಂಬಿಸಿ, ಗಾಳಿ ಬಿಟ್ಟು ಓಡಿಸಿ. ಟ್ಯಾಂಕಿನ ಫ್ಲೋಟನ್ನು ಕೈಯಲ್ಲಿ ಮೇಲೆತ್ತಿದಾಗ ಮೋಟಾರು ನಿಲ್ಲಬೇಕು. ಸಂಪಿನ ಫ್ಲೋಟನ್ನು ಕೆಳಗೆ ಬಿಟ್ಟಾಗಲೂ ನಿಲ್ಲಬೇಕು. ಖಾಲಿ ಟ್ಯಾಂಕು ತುಂಬಲು ಎಷ್ಟು ನಿಮಿಷ ಆಯಿತೆಂದು ಸ್ವಿಚ್ ಬೋರ್ಡ್ ಪಕ್ಕ ಬರೆದಿಡಿ. ಮುಂದೆ 35 ನಿಮಿಷದ್ದು ಒಂದು ಗಂಟೆ ಆದರೆ ಫುಟ್ ವಾಲ್ವಿನ ಜಾಲರಿ ಕಟ್ಟಿಕೊಂಡಿರಬಹುದು, ಮೊದಲು ಅದನ್ನು ನೋಡಿ. ಪ್ರತಿ ಸಲವೂ ನೀರು ತುಂಬಿಸದೆ ಮೋಟಾರು ಎಳೆಯದಿದ್ದರೆ ಫುಟ್ ವಾಲ್ವ್ ಸೋರುತ್ತಿದೆ, ಇಲ್ಲವೇ ಎಳೆಯುವ ಪೈಪಿನ ಜಾಯಿಂಟಿನಲ್ಲಿ ಗಾಳಿ ಹೋಗುತ್ತಿದೆ.

ಸಂಪು ತುಂಬಿದ ಮೇಲೂ ಬಾಲ್ ಕಾಕ್ ತೊಟ್ಟಿಕ್ಕುತ್ತಿದೆಯೇ? ಬಾಲನ್ನು ಕೈಯಿಂದ ಮೇಲಕ್ಕೆ ಒತ್ತಿ. ನೀರು ನಿಂತರೆ ವಾಷರ್ ಸರಿಯಿದೆ, ಬಾಲಿನೊಳಗೆ ನೀರು ಸೇರಿದೆ ಇಲ್ಲವೇ ಕಡ್ಡಿ ಬಗ್ಗಿದೆ. ಬಾಲನ್ನು ಬಿಚ್ಚಿ ಅಲ್ಲಾಡಿಸಿದರೆ ಒಳಗಿನ ನೀರಿನ ಸದ್ದು ಕೇಳುತ್ತದೆ. ಒತ್ತಿದರೂ ನಿಲ್ಲದಿದ್ದರೆ ವಾಷರ್ ಸವೆದಿದೆ, ಇಲ್ಲವೇ ಅದು ಕೂರುವ ಜಾಗದಲ್ಲಿ ಬಿಳಿ ಸುಣ್ಣ ಕಟ್ಟಿದೆ. ನಮ್ಮ ಕಡೆಯ ಗಡಸು ನೀರಿಗೆ ಸುಣ್ಣ ಕಟ್ಟುವುದೇ ಜಾಸ್ತಿ. ಕಾಕನ್ನು ಬಿಚ್ಚಿ ಒಂದೆರಡು ಗಂಟೆ ವಿನೆಗರ್‌ನಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಚಾಕುವಿನಿಂದ ಕೆರೆಯಬೇಡಿ. ಹಿತ್ತಾಳೆಯ ಮೇಲೆ ಗೀರು ಬಿದ್ದರೆ ಹೊಸ ವಾಷರ್ ಹಾಕಿದರೂ ಸೋರುವುದು ನಿಲ್ಲುವುದಿಲ್ಲ.