48 ಮಕ್ಕಳು, 8 ನಿಲ್ದಾಣ, ಒಂದೇ ಸೀಟಿ: ಒಂಬತ್ತನೇ ತರಗತಿಗೆ ನಾನು ಮಾಡಿಸುವ ಸರ್ಕಿಟ್

ಗದಗ ಸೀಮೆಯ ಹೈಸ್ಕೂಲಿನ ಒಂಬತ್ತನೇ ತರಗತಿಯಲ್ಲಿ ತಾಲ್ಲೂಕು ಮಟ್ಟಕ್ಕೆ ಖೋ-ಖೋ ಆಡುವ ಹುಡುಗಿ ಇರುತ್ತಾಳೆ, ಹೊಲದಲ್ಲಿ ಚೀಲ ಹೊತ್ತು ಪಳಗಿದ ಹುಡುಗ ಇರುತ್ತಾನೆ, ಒಂದು ಸುತ್ತು ಓಡಿದರೆ ಏದುಸಿರು ಬಿಡುವವರೂ ಇರುತ್ತಾರೆ. ಇವರೆಲ್ಲರಿಗೂ ‘20 ದಂಡ ಹೊಡೀರಿ’ ಎಂದರೆ ಕೆಲವರು ಅರ್ಧ ನಿಮಿಷದಲ್ಲಿ ಮುಗಿಸಿ ನಿಲ್ಲುತ್ತಾರೆ, ಕೆಲವರು ಐದಕ್ಕೇ ಸೋತು ಎಲ್ಲರ ಮುಂದೆ ನೆಲಕ್ಕೆ ಬೀಳುತ್ತಾರೆ. ಅದಕ್ಕೇ ನಿಲ್ದಾಣದಿಂದ ನಿಲ್ದಾಣಕ್ಕೆ ಸುತ್ತುತ್ತ ಬೇರೆ ಬೇರೆ ವ್ಯಾಯಾಮ ಮಾಡುವ ಸರ್ಕಿಟ್ಟಿನಲ್ಲಿ ನಾನು ಎಣಿಕೆಯನ್ನು ಬಿಟ್ಟು ಸಮಯವನ್ನು ಹಿಡಿಯುತ್ತೇನೆ. 30 ಸೆಕೆಂಡು ಎಲ್ಲರಿಗೂ ಒಂದೇ. ಆ 30 ಸೆಕೆಂಡಿನಲ್ಲಿ ಯಾವ ಭಂಗಿಯಲ್ಲಿ, ಎಷ್ಟು ಎನ್ನುವುದು ಮಾತ್ರ ಮಗುವಿನಿಂದ ಮಗುವಿಗೆ ಬೇರೆ. ಎಲ್ಲರೂ ಒಟ್ಟಿಗೆ ಶುರುಮಾಡಿ ಒಟ್ಟಿಗೆ ನಿಲ್ಲಿಸುವುದರಿಂದ ಯಾರು ಹಿಂದೆ ಬಿದ್ದರು ಎಂಬುದು ಮೈದಾನದಲ್ಲಿ ಕಾಣುವುದಿಲ್ಲ.

1953ರ ಹೊತ್ತಿಗೆ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಗನ್ ಮತ್ತು ಆಡಮ್ಸನ್ ಸರ್ಕಿಟ್ ತರಬೇತಿಯನ್ನು ರೂಪಿಸಿದಾಗ ಪ್ರತಿಯೊಬ್ಬರ ಗರಿಷ್ಠ ಎಣಿಕೆಯನ್ನು ಮೊದಲು ಅಳೆದು, ಅದರಿಂದ ಅವರವರ ಪ್ರಮಾಣವನ್ನು ಗೊತ್ತುಮಾಡುತ್ತಿದ್ದರು. 40 ನಿಮಿಷದ ಪೀರಿಯಡ್ಡಿನಲ್ಲಿ 48 ಮಕ್ಕಳ ಗರಿಷ್ಠ ಅಳೆಯುವುದು ಆಗದ ಮಾತು. ಸಮಯ ಕಟ್ಟಿದ ಸರ್ಕಿಟ್ಟಿನಲ್ಲಿ ಆ ಅಳತೆ ಪಾಠದ ಒಳಗೇ ಸಿಗುತ್ತದೆ.

ಲೆಕ್ಕ ಹೀಗೆ. 8 ನಿಲ್ದಾಣ, ಪ್ರತಿ ನಿಲ್ದಾಣದಲ್ಲಿ 6 ಮಕ್ಕಳು, ಅಂದರೆ 3 ಜೋಡಿ. ಜೋಡಿಯಲ್ಲಿ ಒಬ್ಬರು 30 ಸೆಕೆಂಡು ಮಾಡುತ್ತಾರೆ, ಇನ್ನೊಬ್ಬರು ಎಣಿಸಿ ಅವರ ಕಾರ್ಡಿನಲ್ಲಿ ಬರೆಯುತ್ತಾರೆ. 5 ಸೆಕೆಂಡಿನಲ್ಲಿ ಅದಲುಬದಲು, ಮತ್ತೆ 30 ಸೆಕೆಂಡು, ಆಮೇಲೆ ಮುಂದಿನ ನಿಲ್ದಾಣಕ್ಕೆ ಹೋಗಲು 15 ಸೆಕೆಂಡು. ಒಂದು ನಿಲ್ದಾಣಕ್ಕೆ 80 ಸೆಕೆಂಡಾಯಿತು, ಒಂದು ಸುತ್ತಿಗೆ 10 ನಿಮಿಷ 40 ಸೆಕೆಂಡು. ಎರಡು ಸುತ್ತು, ನಡುವೆ ನೀರಿಗೆ ಒಂದು ನಿಮಿಷ ಸೇರಿಸಿದರೆ 22 ನಿಮಿಷದ ಮೇಲೆ ಚೂರು. ಉಳಿದದ್ದರಲ್ಲಿ ಹಾಜರಿಗೆ 4, ಮೈ ಬಿಸಿ ಮಾಡಲು 6, ಕೊನೆಗೆ ನಿಧಾನ ನಡಿಗೆ ಮತ್ತು ಸ್ನಾಯು ಸಡಿಲಿಸಲು 4, ಕಾರ್ಡು ಒಪ್ಪಿಸಲು 3 ನಿಮಿಷ. ಜೋಡಿ ಪದ್ಧತಿಯ ದೊಡ್ಡ ಲಾಭ ಎರಡು: ಪ್ರತಿ ಮಗುವಿಗೂ ತಾನಾಗಿಯೇ 50 ಸೆಕೆಂಡು ವಿಶ್ರಾಂತಿ ಸಿಗುತ್ತದೆ, ಸಾಮಾನು ಆರು ಜನರ ಬದಲು ಮೂರು ಜನರಿಗೆ ಸಾಕು.

ನಿಲ್ದಾಣಗಳ ಕ್ರಮ: ಬೈಠಕ್, ದಂಡ, 9 ಮೀಟರ್ ಅಂತರದಲ್ಲಿ ಓಡಿ ಬರುವುದು, ಪ್ಲ್ಯಾಂಕ್, ವರಾಂಡದ ಮೆಟ್ಟಿಲು ಹತ್ತಿ ಇಳಿಯುವುದು, ಮರಳು ತುಂಬಿದ ಬಾಟಲಿ ತಲೆ ಮೇಲೆ ಎತ್ತುವುದು, ಸ್ಕಿಪ್ಪಿಂಗ್, ಬೋರಲು ಮಲಗಿ ಎದೆ ಎತ್ತುವುದು. ಕಾಲಿನ ಕೆಲಸ ಒಂದು ಬಿಟ್ಟು ಒಂದು ಬರುವಂತೆ ನೋಡಿಕೊಂಡಿದ್ದೇನೆ. ಬೈಠಕ್ ಆದ ಕೂಡಲೇ ಮೆಟ್ಟಿಲು ಇಟ್ಟರೆ ತೊಡೆ ಉರಿದು ಎಣಿಕೆ ಕುಸಿಯುತ್ತದೆ. ಆಗ ಮಗುವಿನ ದಮ್ಮು ಕಡಿಮೆಯೋ, ಬರೀ ತೊಡೆ ದಣಿದದ್ದೋ ತಿಳಿಯುವುದಿಲ್ಲ. ಮಕ್ಕಳು ಎಲ್ಲಿಂದ ಬೇಕಾದರೂ ಶುರುಮಾಡುವುದರಿಂದ ಎಂಟನೆಯದಕ್ಕೂ ಒಂದನೆಯದಕ್ಕೂ ಇದೇ ನಿಯಮ.

ಈಗ ಮುಖ್ಯ ವಿಷಯ. ಪ್ರತಿ ನಿಲ್ದಾಣಕ್ಕೆ ಮೂರು ರೂಪ ಇವೆ, ಅವುಗಳ ಹೆಸರಿನಲ್ಲಿ ಸುಲಭ, ಕಷ್ಟ ಎಂಬ ಮಾತು ಬರಬಾರದು. ದಂಡಕ್ಕೆ ಗೋಡೆ ದಂಡ, ಕಟ್ಟೆ ದಂಡ, ನೆಲದ ದಂಡ. ಗೋಡೆಗೆ ಕೈ ಊರಿದರೆ ಮೈಭಾರ ಹೆಚ್ಚಾಗಿ ಕಾಲ ಮೇಲೇ ಉಳಿಯುತ್ತದೆ. ಮೊಣಕಾಲೆತ್ತರದ ಕಟ್ಟೆಗೆ ಇಳಿದಂತೆ ಭಾರ ತೋಳಿಗೆ ಬರುತ್ತದೆ. ನೆಲಕ್ಕೆ ಬಂದಾಗ ಮೈತೂಕದ ಸುಮಾರು ಮೂರನೇ ಎರಡು ಪಾಲು ಕೈಗಳ ಮೇಲಿರುತ್ತದೆ. 40 ಕಿಲೋ ಹುಡುಗಿಗೂ 70 ಕಿಲೋ ಹುಡುಗನಿಗೂ ನೆಲದ ದಂಡ ಒಂದೇ ಅಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ. ಬೈಠಕ್ಕಿಗೆ ಬೆಂಚಿನ ಮೇಲೆ ಕೂತು ಏಳುವುದು, ಪೂರ್ತಿ ಬೈಠಕ್, ಬಾಟಲಿ ಹಿಡಿದ ಬೈಠಕ್. ಒಂದು ಲೀಟರ್ ಬಾಟಲಿಗೆ ಒಣ ಮರಳು ತುಂಬಿದರೆ ಒಂದೂವರೆ ಕಿಲೋ ಮೇಲೆ ತೂಗುತ್ತದೆ. ಮುಚ್ಚಳಕ್ಕೆ ಟೇಪು ಸುತ್ತದಿದ್ದರೆ ಎತ್ತುವಾಗ ಮರಳು ಕಣ್ಣಿಗೆ ಬೀಳುತ್ತದೆ.

ಮಗುವಿಗೆ ಹಂತ ಕಟ್ಟಬಾರದು, ನಿಲ್ದಾಣಕ್ಕೆ ಕಟ್ಟಬೇಕು. ಸಶಕ್ತರದೊಂದು ಗುಂಪು, ಅಶಕ್ತರದೊಂದು ಗುಂಪು ಎಂದು ಮಾಡಿದರೆ ಈ ಪಾಠ ಅಲ್ಲೇ ಕೆಡುತ್ತದೆ. ಖೋ-ಖೋ ಹುಡುಗಿಯ ಕಾಲು ಗಟ್ಟಿ, ಅವಳ ತೋಳು ಕಟ್ಟೆ ದಂಡಕ್ಕೇ ನಡುಗಬಹುದು. ದಪ್ಪ ಹುಡುಗ ಓಟದಲ್ಲಿ ಹಿಂದೆ, ಬಾಟಲಿ ಎತ್ತುವಲ್ಲಿ ಎಲ್ಲರಿಗಿಂತ ಮುಂದೆ. ಆದ್ದರಿಂದ ಗುಂಪುಗಳು ಮಿಶ್ರವಾಗಿರಲಿ, ಒಂದೇ ಕಾರ್ಡಿನಲ್ಲಿ ಒಂದು ಕಡೆ ಗೋಡೆ, ಇನ್ನೊಂದು ಕಡೆ ನೆಲ ಇರಲಿ.

ಹಂತ ಸರಿಯಿದೆಯೇ ಎಂದು ಕಾರ್ಡೇ ಹೇಳುತ್ತದೆ. ಒಬ್ಬ ಹುಡುಗನ ಕಾರ್ಡು ನೋಡಿ. ಗೆಳೆಯರನ್ನು ನೋಡಿ ನೆಲದ ದಂಡ ಆರಿಸಿಕೊಂಡ. ಮೊದಲ ಸುತ್ತಿನಲ್ಲಿ 11, ಎರಡನೆಯದರಲ್ಲಿ 4. ಅರ್ಧಕ್ಕಿಂತ ಕೆಳಗೆ ಬಿದ್ದಿದೆ ಎಂದರೆ ಭಾರ ಹೆಚ್ಚಾಯಿತು ಎಂದರ್ಥ. ಕಟ್ಟೆಗೆ ಕಳಿಸಿದರೆ 12 ಮತ್ತು 10. ಇದು ಸರಿಯಾದ ಜಾಗ. ನನ್ನ ಅಳತೆ ಇಷ್ಟು: ಎರಡನೇ ಸುತ್ತು ಮೊದಲಿನದರ ಮುಕ್ಕಾಲಿಗಿಂತ ಕಡಿಮೆಯಾದರೆ ಒಂದು ಹಂತ ಇಳಿಸು. ಎರಡು ಪೀರಿಯಡ್ ಸತತವಾಗಿ ಎರಡೂ ಸುತ್ತಿನಲ್ಲಿ 15 ದಾಟಿ, ಭಂಗಿ ಕೆಡದಿದ್ದರೆ ಏರಿಸು. ಎರಡನೇ ಸುತ್ತಿನಲ್ಲಿ ಎಣಿಕೆ ಹೆಚ್ಚಾಗಿದ್ದರೆ ಮೊದಲ ಸುತ್ತಿನಲ್ಲಿ ಕೈ ಕಾಯ್ದುಕೊಂಡಿದ್ದಾನೆ ಎಂದುಕೊಳ್ಳಬೇಕು. ಈ 15ರ ಲೆಕ್ಕ ದಂಡ, ಬೈಠಕ್, ಬಾಟಲಿಗೆ ಮಾತ್ರ. ಪ್ಲ್ಯಾಂಕಿಗೆ ಸೆಕೆಂಡು ಬರೆಸುತ್ತೇನೆ, ಓಟ ಮತ್ತು ಸ್ಕಿಪ್ಪಿಂಗಿಗೆ ಹಿಂದಿನ ವಾರದ ತನ್ನದೇ ಎಣಿಕೆ ಸಾಕು.

ಎಣಿಕೆ ಬಂತೆಂದರೆ ಕಳ್ಳಲೆಕ್ಕವೂ ಬರುತ್ತದೆ. ಬಲಶಾಲಿ ಹುಡುಗರು ಮೊಣಕೈ ಅರ್ಧ ಮಡಿಸಿ 25 ಎಂದು ಬರೆಸುತ್ತಾರೆ. ಇದಕ್ಕೆ ಮದ್ದು ಜೋಡಿಯವರ ಕೈಯಲ್ಲಿದೆ. ದಂಡದಲ್ಲಿ ಎಣಿಸುವವರು ಎದೆಯ ಕೆಳಗೆ ನೆಲಕ್ಕೆ ಮುಷ್ಟಿ ಇಡಬೇಕು. ಎದೆ ಮುಷ್ಟಿಗೆ ತಾಗಿದರೆ ಮಾತ್ರ ಒಂದು. ಕಟ್ಟೆಯಲ್ಲೂ ಹಾಗೆಯೇ. ಹುಡುಗಿಯರಿಗೆ ಹುಡುಗಿಯರೇ ಜೋಡಿ ಇರಬೇಕು, ಇಲ್ಲಿ ಸಡಿಲ ಬೇಡ.

ಶ್ರಮ ಹೆಚ್ಚಾಯಿತೇ ಎಂದು ನೋಡಲು ನಾಡಿ ಎಣಿಸುವುದನ್ನು ನಾನು ನಂಬುವುದಿಲ್ಲ. ಗದ್ದಲದಲ್ಲಿ ಮಕ್ಕಳು ತಪ್ಪು ಎಣಿಸುತ್ತಾರೆ. ಬದಲಿಗೆ ವಿಶ್ರಾಂತಿ ಮುಗಿಯುವ ಹೊತ್ತಿಗೆ ಏಳರ ಮಗ್ಗಿ ಕೇಳುತ್ತೇನೆ. ‘ಏಳೊಂದ್ಲೆ ಏಳು’ ಎಂದು ಐದರವರೆಗೆ ತಡೆಯದೆ ಹೇಳಿದರೆ ಮುಂದಿನದಕ್ಕೆ ಸಿದ್ಧ. ಎರಡಕ್ಕೊಮ್ಮೆ ಉಸಿರು ಎಳೆದರೆ ಮುಂದಿನ ನಿಲ್ದಾಣದಲ್ಲಿ ಒಂದು ಹಂತ ಕೆಳಗೆ. ‘ಇನ್ನೂ ಆಗ್ತೈತ್ರೀ ಸರ್’ ಎನ್ನುವ ಹುಡುಗನ ತುಟಿ ಬಿಳಿಚಿದ್ದರೆ ಅವನ ಮಾತು ಕೇಳಬಾರದು. ತಲೆಸುತ್ತು, ಎದೆನೋವು, ಸಿಳ್ಳೆಯಂಥ ಉಸಿರು ಕಂಡರೆ ಅಂದಿಗೆ ಅಲ್ಲಿಗೇ ಮುಗಿಸಬೇಕು, ಮನೆಯವರಿಗೆ ತಿಳಿಸಬೇಕು. ಈ ವಯಸ್ಸಿನಲ್ಲಿ ಎತ್ತರ ಬೇಗ ಬೆಳೆಯುವ ಮಕ್ಕಳಿಗೆ ಮಂಡಿಚಿಪ್ಪಿನ ಕೆಳಗೆ ನೋವು ಬರುವುದುಂಟು. ಅವರಿಗೆ ಸ್ಕಿಪ್ಪಿಂಗ್ ಬೇಡ, ನಿಂತಲ್ಲೇ ನಡೆದರೆ ಸಾಕು.

ಸೀಟಿಯನ್ನು ನಾನೇ ಊದುತ್ತಿದ್ದರೆ ಮಕ್ಕಳ ಭಂಗಿ ನೋಡಲು ಆಗುವುದಿಲ್ಲ. 30, 5, 30, 15ರ ಸೀಟಿಗಳನ್ನು ಮೊಬೈಲಿನಲ್ಲಿ ಒಮ್ಮೆ ರೆಕಾರ್ಡ್ ಮಾಡಿಟ್ಟು ಸ್ಪೀಕರಿನಲ್ಲಿ ಹಾಕುತ್ತೇನೆ. ಮಾರ್ಚ್ ಬಂತೆಂದರೆ ಈ ಪಾಠ ಬೆಳಗಿನ ಮೊದಲ ಪೀರಿಯಡ್ಡಿಗೆ ಅಥವಾ ಶನಿವಾರಕ್ಕೆ, ದಂಡ ಮತ್ತು ಪ್ಲ್ಯಾಂಕ್ ಬೇವಿನ ನೆರಳಿಗೆ. ಮಳೆಗಾಲದಲ್ಲಿ ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ತಿರುಗುವಾಗ ಜಾರುತ್ತದೆ. ಆಗ ಓಟ, ಸ್ಕಿಪ್ಪಿಂಗ್ ಎರಡನ್ನೂ ತೆಗೆದು ವರಾಂಡದಲ್ಲಿ 6 ನಿಲ್ದಾಣ, ಪ್ರತಿಯೊಂದಕ್ಕೂ 4 ಜೋಡಿ ಮಾಡುತ್ತೇನೆ. ಆಗ ಬಾಟಲಿ ಹಿಡಿಯುವ ಪ್ರತಿ ನಿಲ್ದಾಣಕ್ಕೂ ಒಂದು ಜೋಡಿಯ ಸಾಮಾನು ಹೆಚ್ಚಿಗೆ ಬೇಕಾಗುತ್ತದೆ, ಅದನ್ನು ಹಿಂದಿನ ದಿನವೇ ತುಂಬಿಸಿಡಬೇಕು.