ಸೂತಕ, ಗುಡ್ಡ, ಗಾಳಿ: ಮದುವೆಯ ವಿಮೆ ಮೂರನೆಯ ಸಲಕ್ಕೆ ದಕ್ಕಿದ್ದು

ಅಂಕೋಲೆಯ ಹತ್ತಿರ ನಮ್ಮದೊಂದು ಕಲ್ಯಾಣ ಮಂಟಪವಿದೆ. ಐನೂರು ಕುರ್ಚಿ, ಹೆಂಚಿನ ಸಭಾಗೃಹ, ಹಿಂದೆ ಶೀಟ್ ಹೊದೆಸಿದ ಊಟದ ಮನೆ. ಬುಕಿಂಗ್‌ಗೆ ಬಂದವರಿಗೆಲ್ಲ ಮದುವೆಯ ವಿಮೆ ಮಾಡಿಸಿ ಎಂದು ನಾನು ಹೇಳತೊಡಗಿದಾಗ ಕುಮಟಾ ಕಡೆಯ ಮಂಟಪದವರೊಬ್ಬರು, "ನೀವು ಮಂಟಪ ನಡೆಸುತ್ತೀರೋ, ವಿಮೆ ಏಜೆಂಟರಾಗಿದ್ದೀರೋ?" ಎಂದು ನಕ್ಕಿದ್ದರು. ಒಂದು ಮನೆಯ ಅಜ್ಜಿಯಂತೂ ಪಾಲಿಸಿಯ ಹಾಳೆಯನ್ನು ದೇವರ ಕೋಣೆಯ ಹತ್ತಿರವೂ ತರಬೇಡಿ, ಅಪಶಕುನ ಎಂದರು. ಎರಡು ಸಲ ಕ್ಲೈಮ್ ತಿರಸ್ಕಾರವಾದ ಮೇಲೆ ನಗುವವರ ಸಂಖ್ಯೆ ಇನ್ನೂ ಹೆಚ್ಚಿತು. ಮೂರನೆಯ ಸಲ ಹಣ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸೋಲು ಸೂತಕದ್ದು. ಮದುವೆಗೆ ಆರು ದಿನ ಇರುವಾಗ ವರನ ದೊಡ್ಡ ಅಜ್ಜ ತೀರಿಕೊಂಡರು, ಅಂದರೆ ಅಜ್ಜನ ಅಣ್ಣ. ದಾಯಾದಿ ಸೂತಕ ಹತ್ತು ದಿನ. ಮದುವೆ ಮುಂದೆ ಹೋಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ನಾವು ಸಾವಿನ ಪ್ರಮಾಣಪತ್ರ ಹಿಡಿದು ಧೈರ್ಯವಾಗಿ ಹೋದೆವು. ಆದರೆ ಪಾಲಿಸಿಯಲ್ಲಿ ವಧು, ವರ, ಅವರ ತಂದೆ ತಾಯಿ, ಒಡಹುಟ್ಟಿದವರು ಇಷ್ಟೇ ಜನರ ಹೆಸರಿತ್ತು. ಮದುವೆ ಯಾಕೆ ನಿಂತಿತು ಎನ್ನುವುದು ಕಂಪನಿಗೆ ಮುಖ್ಯವಲ್ಲ, ಯಾರಿಗೆ ಏನಾಯಿತು ಎನ್ನುವುದೇ ಮುಖ್ಯ. ಸೂತಕ ಎಂಬ ಪದ ಅವರ ಷರತ್ತುಗಳಲ್ಲಿ ಎಲ್ಲಿಯೂ ಇರಲಿಲ್ಲ. ಸುಮಾರು ಎರಡೂವರೆ ಲಕ್ಷ ಆ ಮನೆಯವರ ಕೈಯಿಂದಲೇ ಹೋಯಿತು. ನನ್ನನ್ನು ಬೈಯಲಿಲ್ಲ, ಆದರೆ ಮುಂದಿನ ಉಪನಯನಕ್ಕೆ ಬೇರೆ ಮಂಟಪ ಹಿಡಿದರು.

ಆಮೇಲೆ ಬುಕಿಂಗ್ ಪುಸ್ತಕದಲ್ಲಿ ಒಂದು ಪುಟ ಹೆಚ್ಚು ಮಾಡಿದೆ. ಎರಡೂ ಮನೆಗಳಲ್ಲಿ ಯಾರು ಹೋದರೆ ಮದುವೆ ನಿಲ್ಲುತ್ತದೆ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಕೇಳುವುದು ಕಷ್ಟದ ಕೆಲಸ, ಹಾಗಾಗಿ ಮನೆಯ ಹಿರಿಯರನ್ನು ಬಿಟ್ಟು ಪುರೋಹಿತರನ್ನೇ ಕೇಳುವುದನ್ನು ಕಲಿತೆ. ಆ ಹೆಸರುಗಳನ್ನು ಎಂಡೋರ್ಸ್‌ಮೆಂಟ್ ಮಾಡಿ, ಅಂದರೆ ಪಾಲಿಸಿಗೆ ತಿದ್ದುಪಡಿ ಹಚ್ಚಿ, ಸೇರಿಸಿಕೊಡಿ ಎಂದು ಪಟ್ಟು ಹಿಡಿದಾಗ ಒಂದು ಕಂಪನಿ ಅಜ್ಜ ಅಜ್ಜಿಯರವರೆಗೆ ಒಪ್ಪಿತು. ಮೊದಲೇ ಇದ್ದ ಕಾಯಿಲೆಯಿಂದ ಸತ್ತರೆ ಕೊಡುವುದಿಲ್ಲ ಎಂಬ ಷರತ್ತನ್ನು ಮಾತ್ರ ಬಿಡಲಿಲ್ಲ. ಎಂಬತ್ತು ದಾಟಿದವರಿಗೆ ಯಾವುದೋ ಒಂದು ಹಳೆಯ ಕಾಯಿಲೆ ಇದ್ದೇ ಇರುತ್ತದೆ, ಆದ್ದರಿಂದ ಅದರ ಉಪಯೋಗ ಅಷ್ಟಕ್ಕಷ್ಟೆ.

ಎರಡನೆಯದು 2024ರ ಜುಲೈ. 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಜೀವಗಳೇ ಹೋದ ಜಾಗದ ಪಕ್ಕದಲ್ಲಿ ಮದುವೆಯ ನಷ್ಟದ ಲೆಕ್ಕ ಹೇಳಲು ಈಗಲೂ ಮುಜುಗರವಾಗುತ್ತದೆ. ಆಷಾಢವಾದ್ದರಿಂದ ನಮ್ಮಲ್ಲಿ ಬುಕಿಂಗ್ ಕಡಿಮೆ. ಆದರೂ ಆ ವಾರದ ಕೊನೆಗೆ ಒಂದು ಕ್ರೈಸ್ತ ಕುಟುಂಬದ ಆರತಕ್ಷತೆಯಿತ್ತು, ವರನ ಕಡೆಯವರೆಲ್ಲ ಕುಮಟಾದ ಆಚೆಯವರು. ನಮ್ಮ ಮಂಟಪದ ಒಂದು ಹೆಂಚೂ ಅಲುಗಿರಲಿಲ್ಲ, ಬರುವ ದಾರಿಯೇ ಇರಲಿಲ್ಲ. ಭೂಕುಸಿತ ಪಾಲಿಸಿಯಲ್ಲಿದೆ ಎಂದು ನಾನು ವಾದಿಸಿದೆ. ಇದೆ, ಆದರೆ ಪಾಲಿಸಿಯಲ್ಲಿ ಬರೆದ ಸ್ಥಳಕ್ಕೆ ಹಾನಿಯಾಗಬೇಕು ಎಂದರು. ರೈಲು ತಪ್ಪಿದ್ದು, ರಸ್ತೆ ಬಂದ್ ಆಗಿದ್ದು, ಅತಿಥಿಗಳು ಬಾರದಿದ್ದದ್ದು ಇವು ಯಾವುವೂ ಲೆಕ್ಕಕ್ಕಿಲ್ಲ. ಬೀಗರ ಜಗಳದಿಂದ ಮದುವೆ ಮುರಿದರೂ ಅಷ್ಟೇ, ಬಂದ್ ಮತ್ತು ಮುಷ್ಕರವಾದರೂ ಅಷ್ಟೇ.

ಮೂರನೆಯದು ಅದರ ಮುಂದಿನ ಮೇ ತಿಂಗಳಿನದು. ಮುಹೂರ್ತಕ್ಕೆ ಎರಡು ದಿನ ಮುಂಚೆ ಸಂಜೆ ಗಾಳಿ ಎದ್ದಿತು. ಊಟದ ಮನೆಯ ಹನ್ನೊಂದು ಶೀಟ್ ಹಾರಿಹೋದವು, ಪಕ್ಕದ ತೆಂಗಿನ ಮರ ಅಡುಗೆಮನೆಯ ಮೇಲೆ ಬಿತ್ತು, ಹಚ್ಚಿ ಮುಗಿದಿದ್ದ ಮಂಟಪದ ಅಲಂಕಾರ ನೀರಿನಲ್ಲಿ ತೇಲುತ್ತಿತ್ತು. ಪುರೋಹಿತರು ಹನ್ನೆರಡು ದಿನ ಬಿಟ್ಟು ಇನ್ನೊಂದು ಮುಹೂರ್ತ ಕೊಟ್ಟರು. ಪಾಲಿಸಿ ವಧುವಿನ ತಂದೆಯ ಹೆಸರಿನಲ್ಲಿತ್ತು. ಅದು ಹಾಗೆಯೇ ಇರಬೇಕು, ಅವರ ಖರ್ಚಿಗೆ ನಾನು ಕ್ಲೈಮ್ ಹಾಕಲು ಬರುವುದಿಲ್ಲ, ನನ್ನ ಮಾಡಿಗೆ ಅವರು ಹಾಕಲು ಬರುವುದಿಲ್ಲ. ಒಟ್ಟು ಹದಿನೈದು ಲಕ್ಷದ ರಕ್ಷಣೆಗೆ ಜಿಎಸ್‌ಟಿ ಸೇರಿ ಹದಿನಾರು ಸಾವಿರದ ಆಸುಪಾಸು ಕಟ್ಟಿದ್ದರು.

ಹಾನಿಯ ಲೆಕ್ಕ ಹಾಕುವ ವಿಮೆಯ ಸರ್ವೇಯರ್ ಬರುವ ತನಕ ಒಂದು ಶೀಟನ್ನೂ ಎತ್ತಬೇಡಿ ಎಂದು ಕೆಲಸದವರಿಗೆ ಹೇಳಿದೆ, ಅಡುಗೆಯವರು ಗೊಣಗಿದರು. ಮಾಹಿತಿ ಮಾತ್ರ ಅದೇ ರಾತ್ರಿ ಕೊಟ್ಟಿದ್ದೆ. ಸರ್ವೇಯರ್ ಮೂರನೆಯ ದಿನ ಬಂದವರು ನೇರ ಮಾಡಿನ ಮೇಲೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ಶೀಟ್ ಹಿಡಿದಿಡುವ ಜೆ ಬೋಲ್ಟ್ ತುಕ್ಕು ಹಿಡಿದಿತ್ತೇ? ಸವೆತ ಮತ್ತು ನಿರ್ವಹಣೆಯ ಕೊರತೆಯಿಂದಾದ ಹಾನಿ ಹೊರಗಿಟ್ಟ ವಿಷಯ. ಕಡಲ ಉಪ್ಪುಗಾಳಿಯಲ್ಲಿ ಜೆ ಬೋಲ್ಟ್ ನಾಲ್ಕು ಮಳೆಗಾಲ ತಾಳುವುದಿಲ್ಲ ಎಂದು ನಮಗೆಲ್ಲ ಗೊತ್ತಿರುವುದೇ.

ಇಲ್ಲಿ ನನ್ನ ಒಂದು ಹುಚ್ಚು ಪ್ರಯೋಗ ಕೈಹಿಡಿಯಿತು. ಅದಕ್ಕಿಂತ ಹಿಂದಿನ ದೀಪಾವಳಿಯ ನಂತರ ಮಾಡಿನ ಅರ್ಧ ಭಾಗಕ್ಕೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿಸಿದ್ದೆ, ಉಳಿದರ್ಧ ಹಳೆಯ ಬೋಲ್ಟನ್ನೇ ಬಣ್ಣ ಬಳಿದು ಬಿಟ್ಟಿದ್ದೆ, ಯಾವುದು ಬಾಳುತ್ತದೆ ನೋಡೋಣ ಎಂದು. ಎರಡೂ ಕಡೆಯ ಶೀಟ್ ಹಾರಿದವು. ಆದರೆ ಸ್ಕ್ರೂ ಇದ್ದ ಕಡೆ ಸ್ಕ್ರೂ ಬಿಗಿಯಾಗಿಯೇ ನಿಂತಿತ್ತು, ಅದರ ಸುತ್ತ ಶೀಟ್ ಹರಿದಿತ್ತು. ಹರಿದ ತೂತು ನೋಡಿದರೆ ಅದು ಗಾಳಿಯ ಕೆಲಸವೆಂದು ತಿಳಿಯುತ್ತದೆ. ತುಕ್ಕು ಹಿಡಿದ ಬೋಲ್ಟ್ ತುಂಡಾಗಿದ್ದರೆ ವಾದಕ್ಕೆ ಎಡೆಯಿರುತ್ತದೆ. ಕೆಲಸ ಮಾಡಿಸಿದ ಬಿಲ್ಲು, ದಿನಾಂಕವಿದ್ದ ಚಿತ್ರಗಳು ನನ್ನಲ್ಲಿದ್ದವು. ಗಾಳಿಮಳೆ ಬಂದದ್ದಕ್ಕೆ ನಮ್ಮ ಪಂಚಾಯಿತಿಯ ಮಳೆಮಾಪನದ ಲೆಕ್ಕ, ಅಂದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು, ಜೊತೆಗೆ ಕರೆಂಟು ಹೋದಾಗ ಹೆಸ್ಕಾಂಗೆ ಕೊಟ್ಟ ದೂರಿನ ಸಂಖ್ಯೆ. ಗಂಟೆಗೆ ಗಂಟೆ ಹೊಂದಿಕೊಂಡಿತು.

ಮನೆಯವರ ಕ್ಲೈಮ್ ಎರಡು ಲಕ್ಷ ಎಂಟು ಸಾವಿರದ್ದು: ಹೂವು ಮತ್ತು ಅಲಂಕಾರ 85, ಹಾಲು ತರಕಾರಿ ದಿನಸಿ 62, ಶಾಮಿಯಾನ ಜನರೇಟರ್ ಎರಡನೆಯ ಬಾಡಿಗೆ 38, ವಾದ್ಯದವರ ಮುಂಗಡ 15, ಹೊಸ ಕರೆಯೋಲೆ 8 ಸಾವಿರ. ವಾದ್ಯದವರಿಗೆ ಬಾಯಿಮಾತಿನ ಮೇಲೆ ಹಣ ಕೊಟ್ಟಿದ್ದರು, ರಸೀದಿಯಿಲ್ಲ, ಹೋಯಿತು. ಕರೆಯೋಲೆಯೂ ಹೋಯಿತು. ಉಳಿದ 185 ಸಾವಿರದಲ್ಲಿ ಮನೆಯವರೇ ಹೊರಬೇಕಾದ ಮೊದಲ ಹತ್ತು ಸಾವಿರ ಕಳೆದು 1 ಲಕ್ಷ 75 ಸಾವಿರದ ಹತ್ತಿರ ಬಂತು, ಎರಡೂವರೆ ತಿಂಗಳ ನಂತರ. ಮಂಟಪದ ಬಾಡಿಗೆ ನಾನು ಕೇಳಲಿಲ್ಲ, ದಿನ ಬದಲಿಸಿಕೊಟ್ಟೆ.

ನನ್ನ ಕಟ್ಟಡದ ಪಾಲಿಸಿಯ ಕತೆ ಅಷ್ಟು ಸಿಹಿಯಲ್ಲ. ಮಾಡು, ಪಾತ್ರೆ, ಕುರ್ಚಿ ಎಲ್ಲ ಸೇರಿ ಹದಿನೈದು ಲಕ್ಷದ್ದು, ನಾನು ಪ್ರೀಮಿಯಂ ಉಳಿಸಲು ಹತ್ತು ಲಕ್ಷಕ್ಕೆ ಮಾಡಿಸಿದ್ದೆ. ಒಂದು ಲಕ್ಷ ಎಂಬತ್ತು ಸಾವಿರದ ಹಾನಿಗೆ ಮೂರರಲ್ಲಿ ಎರಡು ಪಾಲು ಮಾತ್ರ, ಒಂದು ಲಕ್ಷ ಇಪ್ಪತ್ತು ಸಾವಿರ, ಅದರಲ್ಲೂ ಹತ್ತು ಸಾವಿರ ಕಡಿತ. ಕರೆಂಟು ಮರಳಿ ಬಂದಾಗ ಸುಟ್ಟ ಆಂಪ್ಲಿಫೈಯರ್‌ಗೆ ಬಿಡಿಗಾಸೂ ಇಲ್ಲ, ವಿದ್ಯುತ್ ದೋಷದಿಂದ ಅದೇ ಯಂತ್ರ ಕೆಟ್ಟರೆ ಹೊರಗೆ, ಅದರಿಂದ ಬೆಂಕಿ ಹಬ್ಬಿದ್ದರೆ ಮಾತ್ರ ಒಳಗೆ. ಪ್ರೀಮಿಯಂನಲ್ಲಿ ಉಳಿಸಿದ್ದು ಎರಡು ಸಾವಿರವೂ ಇರಲಿಕ್ಕಿಲ್ಲ.

ಈಗ ನಮ್ಮ ಮುಂಗಡದ ರಸೀದಿಯ ಕೆಳಗೆ ಒಂದು ಸಾಲು ಅಚ್ಚಾಗಿರುತ್ತದೆ, ಅಡುಗೆಯವರ ಮತ್ತು ಅಲಂಕಾರದವರ ರಸೀದಿಯಲ್ಲೂ ಅದನ್ನೇ ಬರೆಸುತ್ತೇನೆ. ಎಷ್ಟು ದಿನದ ಒಳಗೆ ರದ್ದಾದರೆ ಯಾವ ಹಣ ಮರಳಿ ಬಾರದು ಎಂಬುದು ಆ ಸಾಲಿನಿಂದ ಸರ್ವೇಯರ್‌ಗೆ ತಿಳಿಯುತ್ತದೆ. ನಕ್ಕಿದ್ದ ಕುಮಟಾದವರು ಮೊನ್ನೆ ಫೋನ್ ಮಾಡಿ ಆ ಸಾಲನ್ನು ವಾಟ್ಸಾಪ್‌ನಲ್ಲಿ ಕಳಿಸಿ ಎಂದರು. ಒಮ್ಮೆ ಇತ್ತ ಬನ್ನಿ, ಚಹಾ ಕುಡಿಯೋಣ ಎಂದಿದ್ದೇನೆ.